ವಾರಕ್ಕೆ ನಲವತ್ತು ರೂಪಾಯಿ ಬಡ್ಡಿ ಅಂದ್ರೆ ವರ್ಷಕ್ಕೆ ಎಷ್ಟು?

ನನ್ನದು ಸಣ್ಣ ಹೊಲಿಗೆ ಅಂಗಡಿ. ಓವರ್‌ಲಾಕ್ ಮಷಿನ್ ತಗೊಳ್ಳೋಕೆ ಗುಂಪಿನ ಮೂಲಕ 10,000 ರೂಪಾಯಿ ಸಾಲ ಮಾಡಿದ್ದೆ. ವಾರಕ್ಕೆ 240 ರೂಪಾಯಿಯಂತೆ 50 ವಾರ ಕಟ್ಟಬೇಕಿತ್ತು. ಅದರಲ್ಲಿ 200 ಅಸಲು, 40 ಬಡ್ಡಿ. "ವರ್ಷಕ್ಕೆ ನೂರಕ್ಕೆ ಇಪ್ಪತ್ತು ಬೀಳುತ್ತೆ ಅಷ್ಟೇ ಅಕ್ಕಾ" ಎಂದಿದ್ದ ಕಂತು ವಸೂಲಿಗೆ ಬರುವ ಹುಡುಗ. ಅವನು ಸುಳ್ಳು ಹೇಳಿರಲಿಲ್ಲ. ಬಡ್ಡಿ ಒಟ್ಟು 2,000, ಸಾಲ 10,000. ಲೆಕ್ಕ ಸರಿಯಾಗಿಯೇ ಇದೆ ಅಲ್ವಾ?

ಅನುಮಾನ ಬಂದಿದ್ದು ಪಾಸ್‌ಬುಕ್ ನೋಡುವಾಗ. ಮೊದಲ ವಾರ ಪೂರ್ತಿ 10,000 ನನ್ನ ಹತ್ತಿರ ಇತ್ತು, ಬಡ್ಡಿ 40. ಕೊನೆಯ ವಾರ ಉಳಿದ ಅಸಲು ಬರೀ 200, ಆಗಲೂ ಬಡ್ಡಿ 40! ಆ ಒಂದು ವಾರಕ್ಕೇ ನೂರಕ್ಕೆ ಇಪ್ಪತ್ತು. ವಾರ ವಾರ ಅಸಲು ಕರಗುತ್ತೆ, ಬಡ್ಡಿ ಮಾತ್ರ ಕದಲುವುದಿಲ್ಲ.

ಮೊದಲು ಕೈಲೆಕ್ಕ ಹಾಕಿದೆ. ಸರಾಸರಿ ನನ್ನ ಹತ್ತಿರ ಇದ್ದ ಸಾಲ ಸುಮಾರು 5,100. ಅದಕ್ಕೆ ವಾರಕ್ಕೆ 40 ಅಂದರೆ ಶೇ. 0.78. 52 ವಾರಕ್ಕೆ ಸುಮಾರು ಶೇ. 41. ಇದು ಅಂದಾಜು, ನಿಜಕ್ಕಿಂತ ತುಸು ಜಾಸ್ತಿ ತೋರಿಸುತ್ತೆ. ಸರಿಯಾದ ಲೆಕ್ಕಕ್ಕೆ ಮೊಬೈಲಿನ ಶೀಟ್‌ನ B1 ಮನೆಯಲ್ಲಿ ಮೊದಲ ಸಾಲು, B2ರಲ್ಲಿ ಎರಡನೆಯದು ಹಾಕಿದೆ:

```
=RATE(50,-240,10000)
=(1+B1)^52-1
```

ಕೈಗೆ ಬಂದ ಹಣಕ್ಕೂ ಕಟ್ಟುವ ಕಂತಿಗೂ ಚಿಹ್ನೆ ಬೇರೆ ಬೇರೆ ಇರಲೇಬೇಕು, ಇಲ್ಲದಿದ್ದರೆ ಉತ್ತರದ ಬದಲು ಎರರ್ ಬರುತ್ತೆ. ನಾನು ಎಡವಿದ್ದು ಬೇರೆ ಕಡೆ. ವಾರದ ದರ ತೋರಿಸುವ ಮೊದಲ ಮನೆಯಲ್ಲಿ 1% ಎಂದು ಕಂಡಿತು. ಅದನ್ನೇ ನಂಬಿ ಬೇರೆ ಕಾಗದದ ಮೇಲೆ ಲೆಕ್ಕ ಮುಂದುವರಿಸಿ ಗಾಬರಿಯಾದೆ. ದಶಾಂಶ ಹೆಚ್ಚಿಸಿ ನೋಡಿದರೆ ಅದು 0.74%. ಬರೀ 52ರಿಂದ ಗುಣಿಸಿದರೆ ಶೇ. 38.5. ಎರಡನೆಯ ಸಾಲು ಬಡ್ಡಿಯ ಮೇಲೆ ಬಡ್ಡಿಯನ್ನೂ ಸೇರಿಸುತ್ತೆ, ಅದರ ಉತ್ತರ ಶೇ. 46.7. ಬೇರೆ ಸಾಲದ ಜೊತೆ ಹೋಲಿಸುವಾಗ ಎರಡಕ್ಕೂ ಒಂದೇ ರೀತಿಯ ದರ ಹಿಡಿಯಬೇಕು.

ಇಷ್ಟಕ್ಕೇ ಮುಗಿಯಲಿಲ್ಲ. ಸಾಲ 10,000 ಎಂದು ಬರೆದಿದ್ದರೂ ನನ್ನ ಕೈಗೆ ಬಂದದ್ದು 9,700. ಪ್ರೊಸೆಸಿಂಗ್ ಫೀ, ವಿಮೆ ಅಂತ 300 ಮೊದಲೇ ಹಿಡಿದುಕೊಂಡಿದ್ದರು. 10000 ಇದ್ದಲ್ಲಿ 9700 ಹಾಕಿದೆ. ವಾರಕ್ಕೆ 0.87%, ವರ್ಷಕ್ಕೆ ಶೇ. 57 ಹತ್ತಿರ. ವಿಮೆಯನ್ನು ಬಡ್ಡಿಗೆ ಸೇರಿಸುವುದು ಸರಿಯಲ್ಲ ಎಂದು ಕೆಲವರು ವಾದಿಸಬಹುದು. ಅದು ಇಲ್ಲದೆ ಸಾಲವೇ ಸಿಗುತ್ತಿರಲಿಲ್ಲ, ಹಾಗಾಗಿ ನಾನಂತೂ ಸೇರಿಸುತ್ತೇನೆ.

RATE ಎಲ್ಲ ವಾರವೂ ತಪ್ಪದೆ ಕಟ್ಟಿದ್ದೀರಿ ಎಂದೇ ನಂಬಿಕೊಳ್ಳುತ್ತೆ. ಹಬ್ಬಕ್ಕೆ ಒಂದು ವಾರ ಬಿಟ್ಟು ಮುಂದಿನ ವಾರ ಎರಡು ಕಂತು ಕೊಟ್ಟಿದ್ದರೆ ತಾರೀಖು, ಮೊತ್ತ ಬರೆದು XIRR ಬಳಸಿ. ಅದು ನೇರವಾಗಿ ವರ್ಷದ ದರವನ್ನೇ ಕೊಡುತ್ತೆ. ಅದನ್ನು ಮತ್ತೆ 52ರ ಸೂತ್ರಕ್ಕೆ ಹಾಕಬೇಡಿ.