ಬಿಟ್ಟಿದ್ದ ಹಾಲನ್ನು 30 ಮಿಲಿಯಿಂದ ಮತ್ತೆ ಆರಂಭಿಸಿದ ನನ್ನ ಅನುಭವ

ಹಾಲು ಕುಡಿದ ಒಂದೆರಡು ಗಂಟೆಯೊಳಗೆ ಹೊಟ್ಟೆ ಉಬ್ಬರಿಸಿ, ಗುಡುಗುಟ್ಟಿ, ಭೇದಿಯಾಗುವ ಕಷ್ಟ ಏನೆಂಬುದು ಅದನ್ನು ಉಂಡವರಿಗೆ ಗೊತ್ತೇ ಇದೆ. ನಲವತ್ತು ದಾಟಿದ ಮೇಲೆ ನನಗೆ ಇದು ಆರಂಭವಾದಾಗ ಎರಡು ವರ್ಷ ಗ್ಯಾಸಿನ ಮಾತ್ರೆ, ಕಷಾಯ, ಪುಡಿಗಳಿಗೆಂದು ಹತ್ತು ಸಾವಿರಕ್ಕೂ ಹೆಚ್ಚು ಖರ್ಚು ಮಾಡಿದೆ. ಹಾಲು ಒಗ್ಗದವರು ಹಾಲು ಕುಡಿದೇ ಸುಧಾರಿಸಬಹುದು ಎಂದಾಗ ಮನೆಯಲ್ಲಿ ಯಾರೂ ನಂಬಲಿಲ್ಲ. ಈಗ ದಿನಕ್ಕೆ ಎರಡು ಲೋಟ ಕಾಫಿ, ರಾತ್ರಿ ಮೊಸರನ್ನ ನನಗೆ ನೆಮ್ಮದಿಯಾಗಿ ಜೀರ್ಣವಾಗುತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲು ಎರಡು ವಾರ ಹಾಲು ಬಿಟ್ಟು, ಆಮೇಲೆ ಬೆಳಗ್ಗೆ ಬರಿಹೊಟ್ಟೆಯಲ್ಲಿ ದೊಡ್ಡ ಲೋಟ ಹಾಲು ಕುಡಿದು ನೋಡಿದೆ. ತೊಂದರೆ ಮರಳಿತು. ಆದರೂ ಅದು ಹಾಲಿನಲ್ಲಿರುವ ಸಕ್ಕರೆಯಾದ ಲ್ಯಾಕ್ಟೋಸಿನಿಂದಲೇ ಎಂದು ಖಚಿತಪಡಿಸಿಕೊಳ್ಳಲು ಉಸಿರಿನ ಹೈಡ್ರೋಜನ್ ಪರೀಕ್ಷೆಗೆ ಹೋದೆ. ಮೊದಲ ಸಲದ ಹಣ ವ್ಯರ್ಥವಾಯಿತು. ಹಿಂದಿನ ರಾತ್ರಿ ಅವರೆಕಾಳಿನ ಸಾರು ಉಂಡಿದ್ದೆ. ಲ್ಯಾಕ್ಟೋಸ್ ಕುಡಿಯುವ ಮೊದಲೇ ಉಸಿರಿನಲ್ಲಿ ಹೈಡ್ರೋಜನ್ ಮೂವತ್ತು ಪಿಪಿಎಂ ಆಸುಪಾಸು ಇದ್ದುದರಿಂದ ಪರೀಕ್ಷೆಯನ್ನೇ ನಿಲ್ಲಿಸಿದರು. ಏನು ತಿನ್ನಬಾರದೆಂದು ಯಾರೂ ನನಗೆ ಮುಂಚಿತವಾಗಿ ಹೇಳಿರಲಿಲ್ಲ, ಸುಮಾರು 2,500 ರೂಪಾಯಿ ಹೋಯಿತು.

ಎರಡನೆಯ ಸಲ, ನಡುವೆ ತೆಗೆದುಕೊಂಡಿದ್ದ ಆಂಟಿಬಯಾಟಿಕ್ ಮುಗಿದು ನಾಲ್ಕು ವಾರ ಕಳೆಯುವವರೆಗೆ ಕಾದೆ. ಹಿಂದಿನ ದಿನ ಬೇಳೆ, ಕಾಳು, ಹಣ್ಣು, ಹಾಲು ಯಾವುದೂ ಇಲ್ಲದೆ ಬಿಳಿ ಅನ್ನ, ಉಪ್ಪು, ತುಪ್ಪವನ್ನಷ್ಟೇ ಉಂಡು, ರಾತ್ರಿಯಿಂದ ಉಪವಾಸವಿದ್ದೆ. ನೀರಿನಲ್ಲಿ ಕರಗಿಸಿದ 25 ಗ್ರಾಂ ಲ್ಯಾಕ್ಟೋಸ್, ಅಂದರೆ ಅರ್ಧ ಲೀಟರ್ ಹಾಲಿನಲ್ಲಿರುವಷ್ಟು, ಕುಡಿಸಿ ಅರ್ಧ ಗಂಟೆಗೊಮ್ಮೆ ಮೂರು ಗಂಟೆಗಳ ಕಾಲ ಉಸಿರು ತೆಗೆದುಕೊಂಡರು. ಆರಂಭದಲ್ಲಿ ನಾಲ್ಕೈದು ಪಿಪಿಎಂ ಇದ್ದದ್ದು ಎರಡು ಗಂಟೆಯ ಹೊತ್ತಿಗೆ ಅರವತ್ತು ದಾಟಿತು. ಆರಂಭದ ಅಂಕಿಗಿಂತ 20 ಏರಿದರೆ ಲ್ಯಾಕ್ಟೋಸ್ ಸಣ್ಣ ಕರುಳಿನಲ್ಲಿ ಜೀರ್ಣವಾಗದೆ ದೊಡ್ಡ ಕರುಳಿಗೆ ಇಳಿದು, ಅಲ್ಲಿನ ಬ್ಯಾಕ್ಟೀರಿಯಾ ಅದರಿಂದ ಹೈಡ್ರೋಜನ್ ಹುಟ್ಟಿಸುತ್ತಿದೆ ಎಂದು ಅರ್ಥ. ಆದರೆ ಇಷ್ಟರಿಂದಲೇ ‘ಒಗ್ಗದು’ ಎಂದು ತೀರ್ಮಾನಿಸಬಾರದು, ಏಕೆಂದರೆ ಅಂಕಿ ಏರಿದರೂ ಹೊಟ್ಟೆಗೆ ಏನೂ ಆಗದವರು ಬಹಳ ಜನರಿದ್ದಾರೆ. ಆದ್ದರಿಂದ ಯಾವ ಹೊತ್ತಿಗೆ ಉಬ್ಬರ ಬಂತು, ಯಾವಾಗ ನೋವು ಬಂತು ಎಂದು ಅಂಕಿಗಳ ಪಕ್ಕದಲ್ಲೇ ಬರೆದುಕೊಂಡೆ. ಕೆಲವರ ಕರುಳಿನಲ್ಲಿ ಹೈಡ್ರೋಜನ್ ಮೀಥೇನಾಗಿ ಬದಲಾಗುವುದರಿಂದ ಅಂಕಿ ಏರದೆಯೂ ಇರಬಹುದು; ಎರಡನ್ನೂ ಅಳೆಯುವ ಯಂತ್ರ ಇದೆಯೇ ಎಂದು ಮೊದಲೇ ಕೇಳಿಕೊಳ್ಳಿ. ತೂಕ ಇಳಿಯುವುದು, ಮಲದಲ್ಲಿ ರಕ್ತ, ರಕ್ತಹೀನತೆ ಇದ್ದರೆ ಇದನ್ನೆಲ್ಲ ಬಿಟ್ಟು ವೈದ್ಯರನ್ನು ಕಾಣಬೇಕು.

ಫಲಿತಾಂಶ ಕೈಗೆ ಬಂದ ಮೇಲೆ 30 ಮಿಲಿ ಹಾಲಿನಿಂದ ಆರಂಭಿಸಿದೆ. ಅದರಲ್ಲಿ ಲ್ಯಾಕ್ಟೋಸ್ ಒಂದೂವರೆ ಗ್ರಾಮಿನಷ್ಟು ಮಾತ್ರ. ಬೆಳಗ್ಗೆ ಉಪ್ಪಿಟ್ಟು ಅಥವಾ ಇಡ್ಲಿ ತಿಂದ ಮೇಲೆ, ಸಂಜೆ ಏನಾದರೂ ತಿಂದ ಮೇಲೆ, ಕಾಫಿಯಲ್ಲಿ ಬೆರೆಸಿ ಕುಡಿದೆ. ಬರಿಹೊಟ್ಟೆಯಲ್ಲಿ ಎಂದೂ ಕುಡಿಯಲಿಲ್ಲ. ಐದಾರು ದಿನಗಳಿಗೊಮ್ಮೆ ಸ್ವಲ್ಪ ಏರಿಸುತ್ತ, ತೊಂದರೆಯಾದರೆ ಹಿಂದಿನ ಅಳತೆಗೆ ಇಳಿಯುತ್ತ, ಎರಡು ತಿಂಗಳಲ್ಲಿ ಹೊತ್ತಿಗೆ 100 ಮಿಲಿ ತಲುಪಿದೆ. ಆಮೇಲೆ ನನ್ನದೇ ಹಟಕ್ಕೆ ಮತ್ತೊಮ್ಮೆ ಹಣ ತೆತ್ತು ಪರೀಕ್ಷೆ ಮಾಡಿಸಿದಾಗ ಗರಿಷ್ಠ ಅಂಕಿ ಅರ್ಧಕ್ಕಿಂತ ಕೆಳಗಿತ್ತು. ಇದರಿಂದ ನನ್ನ ಕರುಳಿನಲ್ಲಿ ಲ್ಯಾಕ್ಟೋಸನ್ನು ಒಡೆಯುವ ಕಿಣ್ವವಾದ ಲ್ಯಾಕ್ಟೇಸ್ ಮತ್ತೆ ಹುಟ್ಟಿತೆಂದು ಭಾವಿಸಬಾರದು. ದಿನವೂ ತಪ್ಪದೆ ಸಿಗುವ ಲ್ಯಾಕ್ಟೋಸಿಗೆ ದೊಡ್ಡ ಕರುಳಿನ ಬ್ಯಾಕ್ಟೀರಿಯಾ ಹೊಂದಿಕೊಂಡಿತು, ಅಷ್ಟೇ. ಒಮ್ಮೆ ಮೂರು ವಾರ ಊರಿಗೆ ಹೋಗಿ ಹಾಲು ಬಿಟ್ಟು, ಹಿಂದಿರುಗಿದ ದಿನವೇ ಪೂರ್ತಿ ಲೋಟ ಕುಡಿದಾಗ ಎಲ್ಲ ಕಷ್ಟವೂ ಮರಳಿತು, ಮತ್ತೆ 30 ಮಿಲಿಯಿಂದಲೇ ಏರಬೇಕಾಯಿತು.

ಮೊಸರಿನ ದಾರಿ ಇದಕ್ಕಿಂತ ಸುಲಭ. ಹೆಪ್ಪುಗಟ್ಟಿದರೂ ಲ್ಯಾಕ್ಟೋಸಿನ ಹೆಚ್ಚಿನ ಪಾಲು ಮೊಸರಿನಲ್ಲೇ ಉಳಿದಿರುತ್ತದೆ. ಆದರೆ ಅದರ ಜೀವಂತ ಬ್ಯಾಕ್ಟೀರಿಯಾ ತನ್ನ ಕಿಣ್ವವನ್ನೂ ಹೊಟ್ಟೆಯೊಳಕ್ಕೆ ಒಯ್ದು ಅಲ್ಲಿ ಲ್ಯಾಕ್ಟೋಸನ್ನು ಒಡೆಯುತ್ತದೆ. ಇದನ್ನು ನೋಡಬೇಕೆಂದು ಮಜ್ಜಿಗೆಹುಳಿಯಲ್ಲಿರುವ ತೆಂಗಿನಕಾಯಿ, ಕಡಲೆಬೇಳೆಯಿಂದ ಆಯಿತೆಂಬ ಅನುಮಾನ ಬಾರದಂತೆ ಬರಿಯ ಕಡೆದ ಮೊಸರನ್ನೇ ಎರಡು ಬಟ್ಟಲು ಕುದಿಸಿ ಕುಡಿದೆ, ಹೊಟ್ಟೆ ಉಬ್ಬಿತು. ಅದೇ ಪಾತ್ರೆಯ ಕುದಿಸದ ಎರಡು ಬಟ್ಟಲು ಮರುದಿನ ಏನೂ ಮಾಡಲಿಲ್ಲ. ಅಂದಿನಿಂದ ಅನ್ನ ಆರಿದ ಮೇಲೆಯೇ ಮೊಸರು ಕಲಸುತ್ತೇನೆ. ಚಳಿಗಾಲದಲ್ಲಿ ರಾತ್ರಿಯೊಳಗೆ ಹುಳಿ ಪೂರ್ತಿ ಏರುವಂತೆ ಹೆಪ್ಪು ಹಾಕುವ ನನ್ನ ತಾಯಿಯ ರೀತಿಯೊಂದಿದೆ, ಅದು ಮನೆಯದು, ಇಲ್ಲಿ ಬರೆಯುವುದಿಲ್ಲ.

ಖೋವಾ ಮಾತ್ರ ಇಂದಿಗೂ ಕಷ್ಟ, ಹಾಲಿನ ನೀರು ಇಂಗಿ ಲ್ಯಾಕ್ಟೋಸ್ ಅದರಲ್ಲಿ ಗಟ್ಟಿಯಾಗಿ ಸೇರಿರುತ್ತದೆ. ಹಬ್ಬದ ದಿನ ಒಂದು ಪೇಡ ತಿನ್ನುತ್ತೇನೆ, ಅದನ್ನೂ ಊಟದ ನಡುವೆಯೇ.