ಎರಡನೇ ಪದ್ಯವನ್ನು ಮೊದಲನೆಯದರ ಪ್ರಶ್ನೆ ಹಿಡಿದು ಓದುವುದು

ದಾವಣಗೆರೆಯಲ್ಲಿ ಕೂತು ಇಂಗ್ಲೆಂಡಿನಲ್ಲಿರುವ ಅಕ್ಕನ ಮಗಳಿಗೆ ವಿಡಿಯೊ ಕಾಲ್‌ನಲ್ಲಿ ಇಂಗ್ಲಿಷ್ ಸಾಹಿತ್ಯ ಹೇಳಿಕೊಡುತ್ತೇನೆ. ಅವಳದು ಅಲ್ಲಿನ ಎಕ್ಯೂಎ ಪರೀಕ್ಷಾ ಮಂಡಳಿಯ ಜಿಸಿಎಸ್‌ಇ, ಅಂದರೆ ನಮ್ಮ ಹತ್ತನೇ ತರಗತಿಯಂಥ ಪರೀಕ್ಷೆ. ಎರಡನೇ ಪತ್ರಿಕೆಯ ಕೊನೆಯಲ್ಲಿ, ಮೊದಲೇ ಪಾಠವಾಗಿರದ ಎರಡು ಪದ್ಯ ಕೊಡುತ್ತಾರೆ. ಮೊದಲ ಪದ್ಯದ ಮೇಲೆ 24 ಅಂಕದ ಪ್ರಶ್ನೆ. ಆಮೇಲೆ ಎರಡನ್ನೂ ಹೋಲಿಸಲು 8 ಅಂಕ. ಅವಳಿಗೆ ಕಷ್ಟವಾಗುತ್ತಿದ್ದದ್ದು ಈ ಎಂಟು ಅಂಕವೇ. ಹಾಗಾಗಿ ಹಳೆಯ ಪತ್ರಿಕೆ ತೆಗೆದು, ಗಡಿಯಾರ ಇಟ್ಟುಕೊಂಡು ಮೊದಲು ನಾನೇ ಬರೆದು ನೋಡಿದೆ.

ಎರಡೂ ಪ್ರಶ್ನೆಗೆ ಸೇರಿ ಮುಕ್ಕಾಲು ಗಂಟೆ ಇಟ್ಟುಕೊಂಡರೆ ಹೋಲಿಕೆಗೆ ಉಳಿಯುವುದು ಹದಿನೈದು ನಿಮಿಷ. ಎರಡನೇ ಪದ್ಯವನ್ನು ಹೊಸದಾಗಿ, ಮೊದಲಿಂದ ಬಿಡಿಸುತ್ತಾ ಕೂತರೆ ಇಷ್ಟು ಹೊತ್ತು ಸಾಲುವುದಿಲ್ಲ. ಆದರೆ ಮೊದಲ ಪದ್ಯದ ಬಗ್ಗೆ ಆಗಲೇ ಪುಟಗಟ್ಟಲೆ ಬರೆದಿರುತ್ತೇವೆ, ಅಲ್ವಾ? ಅದರಲ್ಲಿ ಗಟ್ಟಿಯಾದ ಎರಡು ಅಂಶ ಆರಿಸಿಕೊಂಡು, 'ಇದೇ ಜಾಗದಲ್ಲಿ ಈ ಪದ್ಯ ಏನು ಮಾಡುತ್ತಿದೆ?' ಎಂದು ಕೇಳುತ್ತಲೇ ಎರಡನೆಯದನ್ನು ಓದಿದೆ. ಓದು ಮುಗಿಯುವ ಹೊತ್ತಿಗೆ ವ್ಯತ್ಯಾಸ ಕೈಗೆ ಸಿಕ್ಕಿತ್ತು.

ಪರೀಕ್ಷೆಯ ಪದ್ಯಗಳು ಇಂಗ್ಲಿಷಿನವು. ಇಲ್ಲಿ ತೋರಿಸಲು ನಾನೇ ಕನ್ನಡದಲ್ಲಿ ಎರಡು ಪುಟ್ಟ ಪದ್ಯ ಬರೆದಿದ್ದೇನೆ. ಎರಡರಲ್ಲೂ ಮಗ ಊರು ಬಿಟ್ಟು ಹೋಗುವುದೇ ವಿಷಯ. ಮೊದಲನೆಯದು:

ಬಸ್ಸು ಹೊರಟಿತು.
ಅವ್ವ ಕೈ ಬೀಸಲಿಲ್ಲ.
ಸೆರಗಿನ ಗಂಟು ಬಿಚ್ಚಿ
ಮತ್ತೆ ಕಟ್ಟಿದಳು.

ಎರಡನೆಯದು:

ದಾರಿ ಮರೆತರೂ ಬಾ ಮಗನೇ,
ದೀಪ ಹಚ್ಚಿಡುವೆ, ಬಾ.
ಹೆಸರು ಮರೆತರೂ ಬಾ ಮಗನೇ,
ದೀಪ ಹಚ್ಚಿಡುವೆ, ಬಾ.

ಮೊದಲನೆಯದರಲ್ಲಿ ನನಗೆ ಗಟ್ಟಿ ಅನಿಸುವುದು ಅವ್ವನ ಮೌನ. ಅವಳ ಬಾಯಲ್ಲಿ ಒಂದು ಮಾತೂ ಇಲ್ಲ. ನೋಡಿ ಹೇಳುತ್ತಿರುವವರು ಬೇರೆ ಯಾರೋ. ಅದೇ ಪ್ರಶ್ನೆ ಹಿಡಿದು ಎರಡನೆಯದಕ್ಕೆ ಬಂದರೆ ಅಲ್ಲಿ ತಾಯಿಯೇ ಮಾತಾಡುತ್ತಿದ್ದಾಳೆ, ಅದೂ ನೇರವಾಗಿ ಮಗನಿಗೆ. ಒಂದು ಅಂಶ ಸಿಕ್ಕಿತು. ಇನ್ನೊಂದಕ್ಕೆ ನಾನು ಯಾವಾಗಲೂ ಕೊನೆಯ ಸಾಲು ನೋಡುತ್ತೇನೆ. 'ಕಟ್ಟಿದಳು' ಅಂದಾಗ ಕೆಲಸ ಮುಗಿಯಿತು, ದುಃಖವನ್ನೂ ಒಳಗೇ ಕಟ್ಟಿಟ್ಟಂತಾಯಿತು. 'ಬಾ' ಅಂದಾಗ ಏನೂ ಮುಗಿಯಲಿಲ್ಲ. ಅದೇ ಸಾಲು ಮತ್ತೆ ಬರುತ್ತದೆ, ಮಗನ ಉತ್ತರ ಮಾತ್ರ ಬರುವುದಿಲ್ಲ. ಎರಡು ಅಂಶ ಸಾಕು. ಮೂರನೆಯದು ಹುಡುಕುವ ಬದಲು ಇವನ್ನೇ ಪೂರ್ತಿ ಬಿಡಿಸುವುದು ಮೇಲು.

ಬರೆಯುವಾಗ ಎರಡೂ ಪದ್ಯ ಒಂದೇ ವಾಕ್ಯದಲ್ಲಿ ಬರುವಂತೆ ನೋಡಿಕೊಳ್ಳುತ್ತೇನೆ: 'ಮೊದಲ ಕವಿ ತಾಯಿಗೆ ಮಾತೇ ಕೊಡದೆ ಅವಳ ಕೈಕೆಲಸದಲ್ಲಿ ದುಃಖ ತೋರಿಸಿದರೆ, ಎರಡನೆಯವರು ಬಾ ಎಂಬ ಒಂದೇ ಮಾತನ್ನು ಮತ್ತೆ ಮತ್ತೆ ಹೇಳಿಸಿ, ಅವಳ ಕರೆಗೆ ಉತ್ತರ ಬರದಿರುವುದನ್ನು ಕೇಳಿಸುತ್ತಾರೆ.' ಮೊದಲ ಪದ್ಯದ ಮೇಲೆ ಒಂದು ಪ್ಯಾರಾ, ಎರಡನೆಯದರ ಮೇಲೆ ಇನ್ನೊಂದು ಬರೆದಿಟ್ಟರೆ ಹೋಲಿಸುವ ಕೆಲಸ ಓದುವವರ ಮೇಲೆ ಬೀಳುತ್ತದೆ.

ಕಣ್ಣಿಗೆ ಮೊದಲು ಬೀಳುವ ವ್ಯತ್ಯಾಸ ಎಲ್ಲ ಸಲ ಕೆಲಸಕ್ಕೆ ಬರುವುದಿಲ್ಲ. 'ಒಂದರಲ್ಲಿ ಸಾಲು ಮರುಕಳಿಸುತ್ತದೆ, ಇನ್ನೊಂದರಲ್ಲಿ ಇಲ್ಲ' ಎಂದು ಅವಳು ಬರೆದಾಗ, "ಹಾಗಾಗಿ ಏನಮ್ಮಾ?" ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ತಾಯಿಗೆ ಕರೆಯೋದನ್ನ ನಿಲ್ಲಿಸೋಕೇ ಆಗ್ತಿಲ್ಲ ಮಾಮ" ಅಂದಳು. ನನಗೆ ತುಂಬಾ ಖುಷಿಯಾಯಿತು. ಅಂಕ ಸಿಗುವುದು ಆ ಮಾತಿಗೆ. 'ಹಾಗಾಗಿ' ಎಂದ ಮೇಲೆ ಏನೂ ಹೊಳೆಯದಿದ್ದರೆ ಆ ಅಂಶ ಬಿಟ್ಟುಬಿಡಿ. ಬರೆದದ್ದನ್ನು ಪರೀಕ್ಷಿಸಲು ಇನ್ನೊಂದು ದಾರಿಯೂ ಇದೆ. ವಾಕ್ಯದಲ್ಲಿ ಎರಡು ಪದ್ಯದ ಹೆಸರನ್ನು ಅದಲುಬದಲು ಮಾಡಿ ನೋಡಿ. ಆಗಲೂ ವಾಕ್ಯ ಸರಿಯಾಗೇ ಇದ್ದರೆ ಅಲ್ಲಿ ವ್ಯತ್ಯಾಸವೇ ಹೇಳಿಲ್ಲ ಎಂದರ್ಥ. 'ಇಬ್ಬರೂ ಪರಿಣಾಮಕಾರಿ ಪದ ಬಳಸಿದ್ದಾರೆ' ಎಂಬಂಥವು ಇಲ್ಲೇ ಸಿಕ್ಕಿಬೀಳುತ್ತವೆ.

ಈ ಎಂಟು ಅಂಕದಲ್ಲಿ ಕೇಳುವುದು ಕವಿ ಹೇಗೆ ಹೇಳಿದ್ದಾರೆ ಎಂಬುದನ್ನು. ಮಗ ಹೋದ, ತಾಯಿ ನೊಂದಳು ಎಂದು ಕಥೆ ಹೇಳುತ್ತಾ ಹೋದರೆ ಹೊತ್ತು ಹೋಗುತ್ತದೆ ಅಷ್ಟೇ. ಬೇರೆ ಮಂಡಳಿಯಾದರೆ ಲೆಕ್ಕ ಬೇರೆ. ಎಡೆಕ್ಸೆಲ್‌ನಲ್ಲಿ ಹೋಲಿಕೆಯದೇ 20 ಅಂಕದ ಪ್ರಶ್ನೆ. ಪದ್ಯಗಳು ಏನು ಹೇಳುತ್ತವೆ ಎಂಬುದಕ್ಕೂ ಅಲ್ಲಿ ಅಂಕ ಇದೆ. ಮೊದಲೇ ಬರೆದಿಟ್ಟ ಉತ್ತರದ ಆಸರೆ ಅಲ್ಲಿರುವುದಿಲ್ಲ. ಎರಡೂ ಪದ್ಯ ಓದಿ, ಯಾವುದು ಸುಲಭವಾಗಿ ತೆರೆದುಕೊಳ್ಳುತ್ತದೋ ಅದರಿಂದ ಪ್ರಶ್ನೆ ಎತ್ತಿಕೊಂಡು ಇನ್ನೊಂದಕ್ಕೆ ಹೋಗಬೇಕು.