ಕೊನೆಯ ಸಾಲಿಗೂ ಬಣ್ಣ ಕಾಣದವರಿಗೂ ಒಂದೇ ಸ್ಲೈಡ್: ನನ್ನ ಅನುಭವ

ಗ್ರಾಫಿನ ಬಣ್ಣ ಇಳಿಸಿ ಗೆರೆ ದಪ್ಪ ಮಾಡ್ತೀನಿ ಅಂದಾಗ ನಮ್ಮ ತಂಡದಲ್ಲಿ ಯಾರೂ ಒಪ್ಪಿರಲಿಲ್ಲ. ಸ್ಲೈಡು ಸಪ್ಪೆಯಾಗುತ್ತೆ ಅಂತ ಒಬ್ಬರು, ಕೆಂಪು-ಹಸಿರು ಗೊತ್ತಾಗದವರು ಎಷ್ಟು ಜನ ಬರ್ತಾರೆ ಅಂತ ಇನ್ನೊಬ್ಬರು. ಗಂಡಸರಲ್ಲಿ ನೂರಕ್ಕೆ ನಾಲ್ಕರಿಂದ ಎಂಟು ಜನ ಅಂತ ಲೆಕ್ಕ ಹೇಳಿದರೂ ಪ್ರಯೋಜನವಾಗಲಿಲ್ಲ. ಕೊನೆಗೆ ಕೆಲಸಕ್ಕೆ ಬಂದದ್ದು ಬೇರೆಯೇ ವಾದ: ಹಿಂದಿನ ಸಾಲಿನಲ್ಲಿ ಕೂತರೆ ಸರಿಯಾದ ಕಣ್ಣಿಗೂ ಸಣ್ಣ ಗೆರೆಯ ಬಣ್ಣ ತಿಳಿಯುವುದಿಲ್ಲ. ಗೆರೆ ತೆಳ್ಳಗಾದಷ್ಟೂ ಮೊದಲು ನೀಲಿ ಕಪ್ಪಾಗುತ್ತದೆ, ಹಳದಿ ಬಿಳಿಯಲ್ಲಿ ಕರಗುತ್ತದೆ. ಅಂದರೆ ದೂರ ಕೂತವರೆಲ್ಲ ಅಷ್ಟರಮಟ್ಟಿಗೆ ಬಣ್ಣ ಕಾಣದವರೇ. ಹೀಗೆ ನೋಡಿದ ಮೇಲೆ ಎರಡು ಸಮಸ್ಯೆಗಳು ಒಂದೇ ಆದವು.

ನಾನು ತಿದ್ದಿದ್ದು ಒಂದು ಮಾಮೂಲಿ ಗ್ರಾಫು. ನಾಲ್ಕು ಯಂತ್ರಗಳು ತಿಂಗಳಿಗೆ ಎಷ್ಟು ಗಂಟೆ ಕೆಟ್ಟು ನಿಂತಿದ್ದವು ಅನ್ನೋದು, ಒಂದು ವರ್ಷದ್ದು. ಕೆಂಪು, ಹಸಿರು, ಕಂದು, ಕಿತ್ತಳೆ ಗೆರೆಗಳು, ಎಲ್ಲ ಎರಡು ಪಾಯಿಂಟ್ ದಪ್ಪ, ಬಲಗಡೆ ಪುಟ್ಟ ಲೆಜೆಂಡ್. ಪವರ್‌ಪಾಯಿಂಟಿನ ಸ್ಟ್ಯಾಂಡರ್ಡ್ ಕೆಂಪು `FF0000`, ಹಸಿರು `00B050`. ಇವೆರಡರ ನಡುವಿನ ಕಾಂಟ್ರಾಸ್ಟ್, ಅಂದರೆ ಬೆಳಕಿನ ವ್ಯತ್ಯಾಸ, ಲೆಕ್ಕ ಹಾಕಿದರೆ ಸುಮಾರು 1.4:1 ಬರುತ್ತದೆ. ಬಣ್ಣದ ಭೇದ ಕೈಕೊಟ್ಟರೆ ಎರಡೂ ಹೆಚ್ಚುಕಡಿಮೆ ಒಂದೇ ಮಬ್ಬು ಪಾಚಿಬಣ್ಣ.

ಮೊದಲು ಕಾಸು ಹೋದ ಕಥೆ. ದೊಡ್ಡ ಸಭೆಗೆ ಹೆಚ್ಚು ಲುಮೆನ್ಸಿನ, ಅಂದರೆ ಹೆಚ್ಚು ಬೆಳಕು ಬಿಡುವ, ಪ್ರೊಜೆಕ್ಟರ್ ಬಾಡಿಗೆಗೆ ತರಿಸಿದೆವು, ಬಾಡಿಗೆ ದುಪ್ಪಟ್ಟಾಯಿತು. ಬಿಳಿ ಕಣ್ಣು ಕುಕ್ಕಿತು, ಕೆಂಪು ಮಾತ್ರ ಹಾಗೇ ಮಂಕು. ಡಿಎಲ್‌ಪಿ ಅನ್ನೋ ಬಗೆಯ ಕೆಲವು ಪ್ರೊಜೆಕ್ಟರುಗಳ ಬಣ್ಣದ ಚಕ್ರದಲ್ಲಿ ಒಂದು ಬಿಳಿ ಭಾಗ ಇರುತ್ತದೆ. ಡಬ್ಬದ ಮೇಲೆ ಬರೆದ ಲುಮೆನ್ಸು ಬಿಳಿಯದ್ದು, ಗಾಢ ಬಣ್ಣಕ್ಕೆ ಅದರ ಪಾಲು ಸಿಗುವುದಿಲ್ಲ. ಆಮೇಲೆ 'ಎಲ್ಲರಿಗೂ ಕಾಣುವ' ಟೆಂಪ್ಲೇಟ್ ಅಂತ ಒಂದನ್ನು ಕೊಂಡೆವು. ಕಡುನೀಲಿ ಹಿನ್ನೆಲೆ, ತಿಳಿ ಅಕ್ಷರ. ಲ್ಯಾಪ್‌ಟಾಪಿನಲ್ಲಿ ಚೆಂದ. ಆದರೆ ಪ್ರೊಜೆಕ್ಟರಿಗೆ ಕಪ್ಪು ಬಿಡಲು ಬರುವುದಿಲ್ಲವಲ್ಲ, ದೀಪ ಉರಿಯುವ ಹಾಲಿನಲ್ಲಿ ಪರದೆ ಎಷ್ಟು ಬೆಳ್ಳಗಿರುತ್ತದೋ ಅದೇ ಅದರ ಕಪ್ಪು. ಕಡುನೀಲಿ ಬೂದಿಬಣ್ಣಕ್ಕೆ ತಿರುಗಿತು, ಆ ಟೆಂಪ್ಲೇಟನ್ನು ಮತ್ತೆ ತೆರೆದಿಲ್ಲ.

ಕೊನೆಗೆ ಫಲ ಕೊಟ್ಟ ಪರೀಕ್ಷೆಗೆ ಖರ್ಚೇ ಇಲ್ಲ. ಕೊನೆಯ ಸಾಲು ಪರದೆಯಿಂದ ಎಷ್ಟು ದೂರ ಇದೆಯೋ ಅದನ್ನು ಪರದೆಯ ಎತ್ತರದಿಂದ ಭಾಗಿಸಿ. 1.8 ಮೀಟರ್ ಎತ್ತರದ ಪರದೆ, 18 ಮೀಟರ್ ದೂರದ ಸಾಲು ಅಂದರೆ ಹತ್ತು ಪಟ್ಟು. ನನ್ನ ಲ್ಯಾಪ್‌ಟಾಪಿನಲ್ಲಿ ಸ್ಲೈಡಿನ ಎತ್ತರ ಸುಮಾರು 17 ಸೆಂಟಿಮೀಟರ್. ಹಾಗಾಗಿ 1.7 ಮೀಟರ್ ಹಿಂದಕ್ಕೆ ನಿಂತು ನೋಡಿದರೆ ಆ ಸಾಲಿನವರಿಗೆ ಕಾಣುವ ಗಾತ್ರವೇ ನನಗೂ ಕಾಣುತ್ತದೆ. ಹಾಲಿನ ಬೆಳಕಿನ ಲೆಕ್ಕ ಹಿಡಿಯಲು ಸ್ಲೈಡಿನ ಮೇಲೆ ಅರೆಪಾರದರ್ಶಕ ಬಿಳಿ ಚೌಕ ಹೊದಿಸುತ್ತೇನೆ, ಪಾರದರ್ಶಕತೆ 70ರ ಆಸುಪಾಸು. ಹಾಲಿಗೆ ತಕ್ಕಂತೆ ಅದನ್ನು ಹೇಗೆ ಹೊಂದಿಸುತ್ತೇನೆ ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಬಣ್ಣದ ಪರೀಕ್ಷೆಯಲ್ಲಿ ಬಹಳ ಜನ ಎಡವುವ ಜಾಗ ಒಂದಿದೆ. ವಿಂಡೋಸಿನ `Color filters` ಒಳಗೆ ಡ್ಯೂಟರನೋಪಿಯಾ, ಪ್ರೋಟನೋಪಿಯಾ ಅಂತ ಕೆಂಪು-ಹಸಿರು ಗೊತ್ತಾಗದ ಎರಡು ಬಗೆಗಳ ಹೆಸರಿನಲ್ಲಿರುವ ಫಿಲ್ಟರುಗಳು ಆ ತೊಂದರೆ ಇರುವವರಿಗೆ ನೆರವಾಗಲು ಬಣ್ಣ ಬದಲಿಸಿ ತೋರಿಸುತ್ತವೆ. ಅವರ ಕಣ್ಣಿಗೆ ಸ್ಲೈಡು ಹೇಗೆ ಕಾಣುತ್ತದೆ ಅನ್ನೋದು ಅದರಿಂದ ತಿಳಿಯುವುದಿಲ್ಲ. ಆದರೂ ಅದನ್ನು ಹಾಕಿ ನೋಡಿ 'ಎಲ್ಲ ಸರಿ ಇದೆ' ಅನ್ನುವವರನ್ನು ಬೇಕಾದಷ್ಟು ಕಂಡಿದ್ದೇನೆ. ನಾನು ಬಳಸುವುದು ಅವರ ಕಣ್ಣಿಗೆ ಕಾಣುವಂತೆಯೇ ಪರದೆಯನ್ನು ತೋರಿಸುವ Color Oracle ಅನ್ನೋ ತಂತ್ರಾಂಶ. ಕ್ರೋಮ್ ಡೆವ್‌ಟೂಲ್ಸಿನ `Rendering` ಒಳಗಿನ `Emulate vision deficiencies` ಕೂಡ ಆಗುತ್ತದೆ. ವಿಂಡೋಸಿನ ಫಿಲ್ಟರುಗಳಲ್ಲಿ ಈ ಪರೀಕ್ಷೆಗೆ ನಿಜಕ್ಕೂ ಉಪಯೋಗದ್ದು ಗ್ರೇಸ್ಕೇಲ್ ಮಾತ್ರ.

ಈಗ ಗ್ರಾಫು. ಮಾತು ಇದ್ದದ್ದು ಒಂದೇ ಯಂತ್ರದ ಬಗ್ಗೆ. ಅದಕ್ಕೆ ನೀಲಿ `0072B2`, ಆರು ಪಾಯಿಂಟ್ ದಪ್ಪ. ಹೋಲಿಕೆಗೆ ಬೇಕಿದ್ದ ಇನ್ನೊಂದಕ್ಕೆ ಕೆಂಗಿತ್ತಳೆ `D55E00`, ನಾಲ್ಕು ಪಾಯಿಂಟ್. ಉಳಿದೆರಡು ಬೂದು, ಎರಡು ಪಾಯಿಂಟ್. ಆ ನೀಲಿ, ಕೆಂಗಿತ್ತಳೆ ಎರಡೂ ಬಣ್ಣ ಕಾಣದವರಿಗಾಗಿ ಆರಿಸಿದ ಒಕಾಬೆ-ಇತೋ ಪಟ್ಟಿಯ ಬಣ್ಣಗಳು, ಕೆಂಪು-ಹಸಿರು ಗೊತ್ತಾಗದವರಿಗೂ ನೀಲಿ-ಕಿತ್ತಳೆ ಬೇರೆಬೇರೆಯಾಗಿಯೇ ಕಾಣುತ್ತವೆ. ಹಾಗಂತ ಆ ಪಟ್ಟಿಯನ್ನು ಕಣ್ಣುಮುಚ್ಚಿ ನಂಬಬೇಡಿ. ಅದರ ಹಳದಿ `F0E442` ಬಿಳಿ ಹಿನ್ನೆಲೆಯ ಮೇಲೆ 1.3:1 ಅಷ್ಟೇ, ಗೆರೆ ಎಳೆದರೆ ಯಾರಿಗೂ ಕಾಣುವುದಿಲ್ಲ. ಗ್ರೇಸ್ಕೇಲಿನಲ್ಲಿ ನೋಡಿದರೆ ನಾನು ಆರಿಸಿದ ಕಿತ್ತಳೆಯೂ ಬೂದುವೂ ಹತ್ತಿರಹತ್ತಿರ ಒಂದೇ. ಅಲ್ಲಿ ಗೆರೆಯ ದಪ್ಪವೇ ಕಾಪಾಡಬೇಕು. ಲೆಜೆಂಡ್ ತೆಗೆದುಹಾಕಿ, ಪ್ರತಿ ಗೆರೆಯ ಬಲತುದಿಯಲ್ಲೇ ಯಂತ್ರದ ಹೆಸರು ಬರೆದೆ. ಈ ಗ್ರಾಫಿನಲ್ಲಿ ಅತಿ ಹೆಚ್ಚು ಉಪಕಾರವಾದದ್ದು ಇದೇ ಬದಲಾವಣೆಯಿಂದ. ತುದಿಗಳು ಒಂದರ ಮೇಲೊಂದು ಬಿದ್ದಾಗ ಹೆಸರುಗಳನ್ನು ಬಿಡಿಸಲು ನನ್ನದೊಂದು ಉಪಾಯ ಇದೆ, ಅದು ಇನ್ನೊಮ್ಮೆ.

ನಡುವೆ ಮಾಡಿದ ಒಂದೆರಡು ಪ್ರಯೋಗ ಹೇಳಿಬಿಡುತ್ತೇನೆ. ಚುಕ್ಕಿಗೆರೆ, ಮುರಿಗೆರೆ ಇಟ್ಟು ನೋಡಿದೆ. 1.7 ಮೀಟರಿನಿಂದ ಚುಕ್ಕಿಗಳೆಲ್ಲ ಕೂಡಿಕೊಂಡು ಮಂಕಾದ ಅಖಂಡ ಗೆರೆಯಾದವು. ಬಾರ್ ಚಾರ್ಟಿಗೆ ಓರೆಗೆರೆ ತುಂಬಿಸಿದ್ದೂ ಅಷ್ಟೆ, ದೂರದಿಂದ ಬರೀ ಬೂದು. ಮುದ್ರಿಸಿದ ಕಾಗದಕ್ಕೆ ಇವು ಒಳ್ಳೆಯವು, ಹಾಲಿಗೆ ಆಗಿಬರುವುದಿಲ್ಲ.

ಅಕ್ಷರಗಳ ವಿಷಯಕ್ಕೆ ಬಂದರೆ, ಇಂಗ್ಲಿಷಿನಲ್ಲಿ ಹೇಗೋ ನಡೆಯುವ 28 ಪಾಯಿಂಟ್ ಕನ್ನಡಕ್ಕೆ ಸಾಲದು. ನನ್ನ ಲ್ಯಾಪ್‌ಟಾಪಿನಲ್ಲಿ ಆ ಗಾತ್ರದ ಮುಖ್ಯ ಅಕ್ಷರ ನಾಲ್ಕೂವರೆ ಮಿಲಿಮೀಟರ್ ಎತ್ತರ, ಕೆಳಗಿನ ಒತ್ತಕ್ಷರ ಅದರ ಅರ್ಧದಷ್ಟು. 1.7 ಮೀಟರಿನಿಂದ 6/6 ದೃಷ್ಟಿಯವರು ಓದಬಲ್ಲ ಕೊನೆಯ ಗಾತ್ರ ಎರಡೂವರೆ ಮಿಲಿಮೀಟರ್. ಒತ್ತು ಅಲ್ಲೇ ಜಾರುತ್ತದೆ. 40ಕ್ಕೆ ಏರಿಸಿದ ಮೇಲೆ ನೆಮ್ಮದಿಯಾಯಿತು. ಬೋಲ್ಡ್ ಮಾಡಿದರೆ ಸಾಕಲ್ಲ ಅಂದವರಿಗೆ 'ದನ', 'ಧನ' ಎರಡನ್ನೂ ಕೊಬ್ಬಿದ ಬೋಲ್ಡಿನಲ್ಲಿ ಹಾಕಿ ದೂರದಿಂದ ತೋರಿಸಿದೆ. ಧಕಾರದ ಕೆಳಗಿನ ಸೀಳು ಮುಚ್ಚಿಹೋಗಿತ್ತು. ಮಧ್ಯಮ ದಪ್ಪದ ಫಾಂಟೇ ವಾಸಿ. ಒತ್ತುಗಳು ಕೆಳಸಾಲಿನ ಗುಡಿಸುಗಳಿಗೆ ತಾಗದಂತೆ ಸಾಲಿನ ಅಂತರ 1.3ಕ್ಕೆ ಕಡಿಮೆ ಇಡಬೇಡಿ.

ಕೆಂಪು-ಹಸಿರು ಗೊತ್ತಾಗದ ಸಹೋದ್ಯೋಗಿಯೊಬ್ಬರನ್ನು ಹಿಂದಿನ ಸಾಲಿನಲ್ಲಿ ಕೂರಿಸಿ ಪರೀಕ್ಷಿಸಿದೆವು. ಅವರನ್ನು 'ಇದು ಯಾವ ಬಣ್ಣ' ಅಂತ ಕೇಳುವುದು ದಂಡ, ಪಾಪ, ಅವರಿಗೂ ಅದು ಕೇಳಿ ಕೇಳಿ ಸಾಕಾಗಿರುತ್ತದೆ. ನಾನು ಕೇಳಿದ್ದು, 'ಏಪ್ರಿಲಿನಲ್ಲಿ ಯಾವ ಯಂತ್ರ ಹೆಚ್ಚು ಹೊತ್ತು ನಿಂತಿತ್ತು?' ಹಳೆಯ ಗ್ರಾಫಿಗೆ 'ಗೊತ್ತಾಗ್ತಿಲ್ಲ ಸರ್' ಅಂದರು. ಹೊಸದಕ್ಕೆ ನನ್ನ ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಬಂತು. ಸಪ್ಪೆ ಅಂದಿದ್ದವರು ಈಗ ಅದೇ ಫೈಲನ್ನು ಕಾಪಿ ಮಾಡಿಕೊಳ್ಳುತ್ತಾರೆ.

ಅಂದೇ ಆ ಸಹೋದ್ಯೋಗಿ ಹೇಳಿದ ಇನ್ನೊಂದು ವಿಷಯ: ಭಾಷಣಕಾರರ ಕೆಂಪು ಲೇಸರ್ ಚುಕ್ಕಿ ತಮಗೆ ಕಾಣುವುದೇ ಇಲ್ಲವಂತೆ. ಸಾಮಾನ್ಯ ಕೆಂಪು ಪಾಯಿಂಟರಿನದು 650 ನ್ಯಾನೋಮೀಟರ್ ಬೆಳಕು, ಕೆಂಪಿನ ಕೋಶ ಕೆಲಸ ಮಾಡದ ಕಣ್ಣಿಗೆ ಅದು ತೀರಾ ಮಂಕು. 532ರ ಹಸಿರು ಎಲ್ಲರಿಗೂ ಎಷ್ಟೋ ಪಟ್ಟು ಪ್ರಖರ. ನಾನು ಪಾಯಿಂಟರನ್ನೇ ಬಿಟ್ಟು, ಕ್ಲಿಕ್ಕಿಗೆ ಮೂಡುವ ಕಪ್ಪು ಬಾಣ ಹಾಕಿಕೊಂಡಿದ್ದೇನೆ. ಅಂಕಿಗಳನ್ನು ಬಣ್ಣದ ಚೌಕಗಳಾಗಿ ತೋರಿಸುವ ಹೀಟ್‌ಮ್ಯಾಪ್ ಮಾತ್ರ ಇನ್ನೂ ಬಗ್ಗಿಲ್ಲ. ಕಾಮನಬಿಲ್ಲಿನ ಬಣ್ಣ ಬಿಟ್ಟು, ಗಾಢ ನೇರಳೆಯಿಂದ ಹಳದಿಗೆ ಹೋಗುವ ವಿರಿಡಿಸ್ ಬಣ್ಣಪಟ್ಟಿ ಹಾಕಿದರೆ ತಿಳಿ-ಗಾಢದ ಕ್ರಮ ಸರಿಹೋಗುತ್ತದೆ, ಆದರೆ ಹಿಂದಿನ ಸಾಲಿನವರಿಗೆ ಐದಾರು ಮೆಟ್ಟಿಲಿಗಿಂತ ಹೆಚ್ಚು ಬಿಡಿಸಿ ನೋಡಲಾಗುವುದಿಲ್ಲ. ಅಷ್ಟಕ್ಕೇ ಇಳಿಸಿ, ಮುಖ್ಯವಾದ ಚೌಕಗಳಲ್ಲಿ ಅಂಕಿಯನ್ನೇ ಬರೆಯುತ್ತಿದ್ದೇನೆ.